5+3 ಯಾಕೆ 6 ಆಯಿತು? ರೆಡ್‌ಸ್ಟೋನ್ ಕ್ಯಾಲ್ಕುಲೇಟರ್‌ನಲ್ಲಿ ಕಳೆದುಹೋದ ಒಂದು

ಪ್ರಶ್ನೆ: ಸರ್, ನಾನು ಆಳಂದದವನು, ಫಸ್ಟ್ ಪಿಯುಸಿ ಸೈನ್ಸ್. ಮೈನ್‌ಕ್ರಾಫ್ಟ್ ಗೇಮ್‌ನಲ್ಲಿ ಕರೆಂಟ್ ತಂತಿಯ ಹಾಗೆ ಕೆಲಸ ಮಾಡುವ ರೆಡ್‌ಸ್ಟೋನ್ ಪುಡಿ ಹಾಕಿ ಕೂಡಿಸುವ ಕ್ಯಾಲ್ಕುಲೇಟರ್ ಕಟ್ಟಿದ್ದೇನೆ, ನಾಲ್ಕು ಬಿಟ್‌ದು. 5+2 ಕೊಟ್ಟರೆ ಸರಿಯಾಗಿ 7 ಬರುತ್ತೆ. 6+6 ಕೊಟ್ಟರೂ 12 ಬರುತ್ತೆ. ಆದರೆ 5+3 ಕೊಟ್ಟರೆ 6, 7+1 ಕೊಟ್ಟರೂ 6! ವಿಡಿಯೊ ನೋಡಿ ಹಾಗೇ ಕಟ್ಟಿದ್ದು, ಅದು ಲೆಕ್ಕ ಹೇಗೆ ಮಾಡುತ್ತೆ ಅನ್ನೋದು ನನಗೇ ಗೊತ್ತಿಲ್ಲ. ಎಲ್ಲಿ ತಪ್ಪಿದ್ದೇನೆ? ಫೋಟೊ ಕಳಿಸಿದ್ದೇನೆ.

ಉತ್ತರ: ತಮ್ಮಾ, ಫೋಟೊ ಆಮೇಲೆ ನೋಡೋಣ. ನೀನು ಬರೆದ ನಾಲ್ಕು ಲೆಕ್ಕದಲ್ಲೇ ತಪ್ಪು ಎಲ್ಲಿದೆ ಅಂತ ಸಿಕ್ಕಿಬಿಟ್ಟಿದೆ. ನಿನ್ನ ಯಂತ್ರದಲ್ಲಿ ಮೊದಲನೇ ಮನೆಯಿಂದ ಎರಡನೇ ಮನೆಗೆ ಹೋಗುವ ಒಂದೇ ಒಂದು ತಂತಿ ಸತ್ತಿದೆ. ಉಳಿದದ್ದೆಲ್ಲ ಬಹುಪಾಲು ಸರಿ ಇದೆ. ಇದು ಹೇಗೆ ಗೊತ್ತಾಯಿತು ಅಂತ ಹೇಳಿದರೆ, ಯಂತ್ರ ಲೆಕ್ಕ ಹೇಗೆ ಮಾಡುತ್ತೆ ಅನ್ನೋದೂ ಅದರಲ್ಲೇ ಬಂದುಬಿಡುತ್ತದೆ.

ನಾವು ಕಾಗದದ ಮೇಲೆ ಕೂಡಿಸುವಾಗ ಬಿಡಿ, ಹತ್ತು, ನೂರು ಅಂತ ಮನೆ ಮಾಡುತ್ತೇವೆ. ಒಂದು ಮನೆಯಲ್ಲಿ ಒಂಬತ್ತು ದಾಟಿದರೆ 'ಕೈಯಲ್ಲಿ ಒಂದು' ಅಂತ ಪಕ್ಕದ ಮನೆಗೆ ಕೊಡುತ್ತೇವೆ. ರೆಡ್‌ಸ್ಟೋನ್ ದೀಪಕ್ಕೆ ಹತ್ತೋದು, ಆರೋದು ಎರಡೇ ಗೊತ್ತು. ಹಾಗಾಗಿ ಅದರ ಒಂದು ಮನೆಯಲ್ಲಿ, ಅಂದರೆ ಒಂದು ಬಿಟ್‌ನಲ್ಲಿ, 0 ಇಲ್ಲವೇ 1, ಅಷ್ಟೇ ಇರಲು ಸಾಧ್ಯ. ಒಂದು ದಾಟಿದ ಕೂಡಲೇ ಪಕ್ಕದ ಮನೆಗೆ ಕೊಡಬೇಕು. ಆದ್ದರಿಂದ ಮನೆಗಳು ಬಿಡಿ, ಹತ್ತು, ನೂರು ಆಗುವ ಬದಲು ಒಂದು, ಎರಡು, ನಾಲ್ಕು, ಎಂಟು ಆಗುತ್ತವೆ. 5 ಅಂದರೆ ನಾಲ್ಕರ ಮನೆಯಲ್ಲಿ ಒಂದು, ಒಂದರ ಮನೆಯಲ್ಲಿ ಒಂದು. ಅದನ್ನು 0101 ಅಂತ ಬರೆಯುತ್ತೇವೆ. ಪಕ್ಕದ ಮನೆಗೆ ಕೊಡುವ ಆ 'ಕೈಯಲ್ಲಿ ಒಂದು' ಇದೆಯಲ್ಲ, ಅದಕ್ಕೆ ಕ್ಯಾರಿ ಅಂತಾರೆ. ನಿನ್ನ ಕತೆಯಲ್ಲಿ ಕಳೆದುಹೋಗಿರೋದು ಅದೇ.

ಈಗ ಒಂದೇ ಮನೆ ತಗೊಳ್ಳೋಣ. ಅಲ್ಲಿ ಎರಡು ಲಿವರ್ ಇವೆ. ಎರಡೂ ಆಫ್ ಇದ್ದರೆ ಉತ್ತರ 0. ಯಾವುದಾದರೂ ಒಂದು ಆನ್ ಆದರೆ 1. ಎರಡೂ ಆನ್ ಆದರೆ ಉತ್ತರ ಎರಡು. ಅಂದರೆ ಈ ಮನೆಯಲ್ಲಿ 0, ಪಕ್ಕದ ಮನೆಗೆ 1. ಹಾಗಾದರೆ ನಮಗೆ ಎರಡು ಸಣ್ಣ ಸರ್ಕೀಟ್ ಬೇಕು. ಒಂದು, 'ಎರಡರಲ್ಲಿ ಒಂದೇ ಒಂದು ಆನ್ ಇದ್ದರೆ ಬೆಳಗು' ಅನ್ನುವಂಥದ್ದು. ಇನ್ನೊಂದು, 'ಎರಡೂ ಆನ್ ಇದ್ದರೆ ಮಾತ್ರ ಬೆಳಗು' ಅನ್ನುವಂಥದ್ದು. ಮೊದಲನೆಯದಕ್ಕೆ ಎಕ್ಸಾರ್ ಗೇಟ್, ಎರಡನೆಯದಕ್ಕೆ ಆಂಡ್ ಗೇಟ್ ಅನ್ನುತ್ತಾರೆ.

ಎಕ್ಸಾರ್ ಗೇಟ್ ನಾವು ವಾಸಿಸುವ ಬಹಳ ಮನೆಗಳಲ್ಲೇ ಇರುತ್ತದೆ, ಯಾರೂ ಆ ಹೆಸರಿಂದ ಕರೆಯಲ್ಲ ಅಷ್ಟೇ. ಮಾಳಿಗೆ ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ ಇರುತ್ತಲ್ಲ, ಟೂ-ವೇ ಸ್ವಿಚ್ಚು, ಅದೇ ಇದು. ಒಂದನ್ನು ಒತ್ತಿದರೆ ದೀಪ ಹತ್ತುತ್ತದೆ. ಮೇಲೆ ಹೋಗಿ ಇನ್ನೊಂದನ್ನೂ ಒತ್ತಿದರೆ ಆರುತ್ತದೆ. ಒಂದಕ್ಕೆ ಒಂದು ಕೂಡಿಸಿದರೆ ಆ ಮನೆಯಲ್ಲಿ ಸೊನ್ನೆ ಉಳಿಯೋದೂ ಹಾಗೇ.

ಆಂಡ್ ಗೇಟನ್ನು ಆಟದಲ್ಲಿ ಕಟ್ಟೋದು ಸ್ವಲ್ಪ ಮಜಾ ಇದೆ. ನನ್ನ ತಂಗಿಯ ಮಗ ಕಲಬುರಗಿಗೆ ರಜೆಗೆ ಬಂದಾಗ ಇದನ್ನೇ ಕೇಳಿದ್ದ. ಮೇ ತಿಂಗಳು, ಹೊರಗೆ ಕಾಲಿಡೋ ಹಾಗಿಲ್ಲ. ನಮ್ಮ ಹಾಲ್‌ಗೆ ಶಹಾಬಾದ್ ಫರಸಿ ಹಾಸಿದೆ. ಒಂದೊಂದು ಫರಸಿಯೂ ಒಂದೊಂದು ಬ್ಲಾಕ್ ಅಂದುಕೊಂಡು ಅದರ ಮೇಲೆ ಸೀಮೆಸುಣ್ಣದಿಂದ ಬರೆದೆವು. ಕರೆಂಟ್ ಇದ್ದ ಕಡೆ ತೊಗರಿ ಕಾಳು ಇಟ್ಟೆವು, ಇಲ್ಲದ ಕಡೆ ಖಾಲಿ ಬಿಟ್ಟೆವು. ಸಾಲಾಗಿ ಮೂರು ಬ್ಲಾಕ್. ಎರಡು ತುದಿಯ ಬ್ಲಾಕುಗಳ ತಲೆಯ ಮೇಲೆ ಒಂದೊಂದು ರೆಡ್‌ಸ್ಟೋನ್ ಟಾರ್ಚ್, ಬೆನ್ನಿಗೆ ಒಂದೊಂದು ಲಿವರ್. ನಡುವಿನ ಬ್ಲಾಕಿನ ತಲೆಯ ಮೇಲೆ ಒಂದು ಚಿಟಿಕೆ ಪುಡಿ, ಅದರ ಮುಂದಿನ ಮುಖಕ್ಕೆ ಮೂರನೇ ಟಾರ್ಚ್. ಆ ಮೂರನೆಯದೇ ಉತ್ತರ.

ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ. ಟಾರ್ಚ್ ಯಾವ ಬ್ಲಾಕಿಗೆ ಅಂಟಿದೆಯೋ ಆ ಬ್ಲಾಕಿಗೆ ಕರೆಂಟ್ ಬಂದರೆ ಟಾರ್ಚ್ ಆರುತ್ತದೆ. ಉಲ್ಟಾ ಕೆಲಸ. ಲಿವರ್ ಎರಡೂ ಆಫ್ ಇದ್ದಾಗ ತುದಿಯ ಟಾರ್ಚ್ ಎರಡೂ ಉರಿಯುತ್ತವೆ. ಅವು ನಡುವಿನ ಪುಡಿಗೆ ಕರೆಂಟ್ ಕೊಡುತ್ತವೆ, ಪುಡಿ ತನ್ನ ಕೆಳಗಿನ ಬ್ಲಾಕಿಗೆ ಕೊಡುತ್ತದೆ, ಮೂರನೇ ಟಾರ್ಚ್ ಆರುತ್ತದೆ. ಒಂದು ಲಿವರ್ ಎಳೆದರೆ ಒಂದು ಟಾರ್ಚ್ ಆರುತ್ತದೆ. ಆದರೆ ಇನ್ನೊಂದು ಉರಿಯುತ್ತಲೇ ಇದೆ, ಪುಡಿಗೆ ಅಷ್ಟೇ ಸಾಕು. ಎರಡನ್ನೂ ಎಳೆದಾಗ ಮಾತ್ರ ಪುಡಿ ಕಪ್ಪಾಗಿ ಮೂರನೇ ಟಾರ್ಚ್ ಹತ್ತುತ್ತದೆ. ಹುಡುಗ ಮೊದಲ ಟಾರ್ಚಿನ ತೊಗರಿ ಕಾಳು ತೆಗೆದಾಗ 'ಮಾಮಾ, ಇನ್ನೂ ಹತ್ತಲಿಲ್ಲ' ಅಂದ. ಎರಡನೇ ಕಾಳು ತೆಗೆದಾಗ ಸುಮ್ನೆ ನಗತೊಡಗಿದ. ಅವನಿಗೆ ಗೇಟ್ ಅರ್ಥವಾದದ್ದು ಅಲ್ಲಿ. ಅವನ ಅಜ್ಜಿ ಮಾತ್ರ ಬೇಳೆಗೆ ಇಟ್ಟ ಕಾಳನ್ನೆಲ್ಲ ನೆಲಕ್ಕೆ ಚೆಲ್ಲಿದಿರಿ ಅಂತ ಬೈದರು.

ಇದೇನು ಆಟಕ್ಕೆ ಅಂತ ಹುಟ್ಟಿದ ಉಪಾಯ ಅಲ್ಲ. 1937ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್ ತನ್ನ ಮನೆಯ ಅಡುಗೆಮನೆ ಮೇಜಿನ ಮೇಲೆ ಇಂಥದ್ದೇ, ಒಂದೇ ಅಂಕಿ-ಮನೆಯ ಕೂಡಿಸುವ ಯಂತ್ರ ಕಟ್ಟಿದ್ದ. ಕರೆಂಟ್ ಬಂದರೆ ತಾನೇ ಆನ್-ಆಫ್ ಆಗುವ ಸ್ವಿಚ್ಚಿನಂಥ ಎರಡು ಟೆಲಿಫೋನ್ ರಿಲೇ, ಬ್ಯಾಟರಿ ದೀಪದ ಬಲ್ಬು, ತಂಬಾಕಿನ ಡಬ್ಬದಿಂದ ಕತ್ತರಿಸಿದ ತಗಡಿನ ಪಟ್ಟಿ. ಒಂದಕ್ಕೆ ಒಂದು ಕೂಡಿಸಿದರೆ ಕ್ಯಾರಿಯ ಬಲ್ಬು ಹತ್ತುತ್ತಿತ್ತು. ನಿನ್ನ ಲಿವರ್ ಮತ್ತು ದೀಪದ ಸೆಟ್ಟಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಮುಂದಿನ ಮನೆಗಳಿಗೆ ಬಂದರೆ ಒಂದು ತೊಡಕಿದೆ. ಅಲ್ಲಿ ಎರಡಲ್ಲ, ಮೂರು ಕೂಡಿಸಬೇಕು. ಎರಡು ಲಿವರ್, ಜೊತೆಗೆ ಹಿಂದಿನ ಮನೆಯಿಂದ ಬಂದ ಕ್ಯಾರಿ. ಅದಕ್ಕೆ ಜಾಣತನ ಏನೂ ಬೇಕಿಲ್ಲ, ಅದೇ ಜೋಡಿ ಗೇಟನ್ನು ಎರಡು ಸಲ ಇಡುತ್ತೇವೆ. ಮೊದಲ ಜೋಡಿ ಎರಡು ಲಿವರ್ ಕೂಡಿಸುತ್ತದೆ. ಎರಡನೇ ಜೋಡಿ ಆ ಉತ್ತರಕ್ಕೆ ಕ್ಯಾರಿಯನ್ನು ಕೂಡಿಸುತ್ತದೆ. ಎರಡರಲ್ಲಿ ಯಾವುದರಿಂದ ಹೊಸ ಕ್ಯಾರಿ ಹುಟ್ಟಿದರೂ ಮುಂದಿನ ಮನೆಗೆ ಹೋಗಲಿ ಅಂತ ಎರಡು ಪುಡಿ ಸಾಲನ್ನು ಒಂದೆಡೆ ಸೇರಿಸಿಬಿಡುತ್ತೇವೆ. ಇದಕ್ಕೆ ಫುಲ್ ಆ್ಯಡರ್ ಅಂತ ಹೆಸರು. ನಿನ್ನ ವಿಡಿಯೊದಲ್ಲಿ ಒಂದೇ ಥರದ ಡಬ್ಬವನ್ನು ಮತ್ತೆ ಮತ್ತೆ ಕಟ್ಟಿದ್ದು ಇದನ್ನೇ.

ಈಗ ನಿನ್ನ ಲೆಕ್ಕ ನೋಡೋಣ. ಮೊದಲ ಸಾಲು ಕ್ಯಾರಿ.

```
  111
  0101   5
+ 0011   3
------
  1000   8
```

ಬಲಗಡೆಯಿಂದ ಬಾ. ಒಂದರ ಮನೆಯಲ್ಲಿ 1+1, ಉಳಿದದ್ದು 0, ಕೈಯಲ್ಲಿ ಒಂದು. ಎರಡರ ಮನೆಯಲ್ಲಿ 0+1, ಜೊತೆಗೆ ಕೈಯಲ್ಲಿದ್ದ ಒಂದು, ಮತ್ತೆ 0, ಮತ್ತೆ ಕೈಯಲ್ಲಿ ಒಂದು. ನಾಲ್ಕರ ಮನೆಯಲ್ಲೂ ಅದೇ ಕತೆ. ಕೊನೆಗೆ ಎಂಟರ ಮನೆಯಲ್ಲಿ ಆ ಒಂದು ಬಂದು ಕೂತುಕೊಳ್ಳುತ್ತದೆ. ಆ ಮೊದಲನೇ ಕ್ಯಾರಿ ಮಾತ್ರ ದಾರಿಯಲ್ಲಿ ಕಳೆದುಹೋಯಿತು ಅಂತ ಇಟ್ಟುಕೋ. ಎರಡರ ಮನೆಯಲ್ಲಿ ಬರೀ 0+1, ಅಂದರೆ 1. ನಾಲ್ಕರ ಮನೆಯಲ್ಲಿ 1+0, ಅದೂ 1. ಎಂಟರಲ್ಲಿ ಏನಿಲ್ಲ. ಉತ್ತರ 0110, ಅಂದರೆ 6. ನಿನಗೆ ಬಂದದ್ದೂ ಅದೇ ಅಲ್ವಾ? 7+1 ಅನ್ನೂ ಹೀಗೇ ಮಾಡಿ ನೋಡು, ಅದಕ್ಕೂ 6 ಬರುತ್ತದೆ.

5+2 ಯಾಕೆ ಸರಿ ಬಂತು? 0101ಕ್ಕೂ 0010ಕ್ಕೂ ಯಾವ ಮನೆಯಲ್ಲೂ 1ಕ್ಕೆ 1 ಸೇರುವುದೇ ಇಲ್ಲ. ಕ್ಯಾರಿ ಬೇಕಾಗಲೇ ಇಲ್ಲ. 6+6 ಯಾಕೆ ಸರಿ? ಅಲ್ಲಿ ಒಂದರ ಮನೆ ಎರಡೂ ಕಡೆ 0. ಕ್ಯಾರಿ ಹುಟ್ಟೋದು ಎರಡರ ಮನೆಯಲ್ಲಿ ಮತ್ತು ನಾಲ್ಕರ ಮನೆಯಲ್ಲಿ. ಅವೆರಡೂ ಮುಂದೆ ಸರಿಯಾಗಿ ಹೋದವು ಅಂತಲೇ ನಿನಗೆ 12 ಬಂದದ್ದು. ಹಾಗಾಗಿ ಸತ್ತಿರೋದು ಒಂದರಿಂದ ಎರಡಕ್ಕೆ ಹೋಗುವ ದಾರಿ ಒಂದೇ.

ಇದರಲ್ಲಿ ನನಗೆ ನಗು ತರಿಸೋ ವಿಷಯ ಒಂದಿದೆ. ನಾನು ಡಿಪ್ಲೊಮಾ ಮಕ್ಕಳಿಗೆ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬ್ ಮಾಡಿಸುತ್ತೇನೆ. ಅಲ್ಲಿ ಎಕ್ಸಾರ್, ಆಂಡ್ ಗೇಟ್ ಇರುವ 7486, 7408 ಅನ್ನೋ ಐಸಿ ಚಿಪ್‌ಗಳನ್ನು ಬ್ರೆಡ್‌ಬೋರ್ಡ್ ಮೇಲೆ ಚುಚ್ಚಿ ಇದೇ ಆ್ಯಡರ್ ಕಟ್ಟುತ್ತಾರೆ. ಅಲ್ಲೂ ಕ್ಯಾರಿಯ ವೈರ್ ಸಡಿಲಾಗುತ್ತದೆ. ಆದರೆ ಲಕ್ಷಣ ತದ್ವಿರುದ್ಧ. ಟಿಟಿಎಲ್ ಅನ್ನೋ ಆ ಹಳೇ ಜಾತಿಯ ಐಸಿಗಳಲ್ಲಿ ಯಾವುದಕ್ಕೂ ಜೋಡಿಸದೆ ಬಿಟ್ಟ ಕಾಲನ್ನು ಐಸಿ 1 ಅಂತಲೇ ಓದುತ್ತದೆ. ಹಾಗಾಗಿ ಮೊದಲ ಕ್ಯಾರಿ ವೈರ್ ಕಳಚಿದರೆ ಅವರಿಗೆ 5+3 ಸರಿಯಾಗಿ 8 ಬರುತ್ತದೆ, ಸುಲಭದ 5+2 ಮಾತ್ರ 9 ಆಗುತ್ತದೆ! ನಾನೇ ವಿದ್ಯಾರ್ಥಿ ಆಗಿದ್ದಾಗ ಆ 9 ನೋಡಿಕೊಂಡು ಅರ್ಧ ದಿನ ಕೂತಿದ್ದೆ. ರೆಡ್‌ಸ್ಟೋನ್‌ನಲ್ಲಿ ಕಡಿದ ತಂತಿ ಅಂದರೆ ಸೊನ್ನೆ, ಅಷ್ಟೇ. ಹುಡುಕಲು ಎಷ್ಟೋ ಸುಲಭ.

ಇಷ್ಟು ಆದ ಮೇಲೆ ನಿನ್ನ ಫೋಟೊ ತೆಗೆದೆ. ಒಂದರ ಮನೆಯ ಡಬ್ಬವನ್ನು ನೀನು ಲಿವರ್ ಗೋಡೆಯ ಹತ್ತಿರ ಕಟ್ಟಿದ್ದೀಯ. ಉಳಿದ ಮೂರು ಡಬ್ಬ ಆಚೆ ಕಡೆ ಒತ್ತೊತ್ತಾಗಿ ಇವೆ. ನಡುವೆ ಕ್ಯಾರಿಯ ಪುಡಿ ಸಾಲು ಇದೆ. ಎಣಿಸಿದೆ, 18 ಬ್ಲಾಕ್. ಸಮಸ್ಯೆ ಅಲ್ಲೇ ಇದೆ.

ರೆಡ್‌ಸ್ಟೋನ್ ಪುಡಿಯಲ್ಲಿ ಕರೆಂಟ್ ಬರೀ ಇದೆ-ಇಲ್ಲ ಅಲ್ಲ, ಅದಕ್ಕೆ ಬಲ ಇದೆ. ಟಾರ್ಚ್ ಪಕ್ಕದ ಮೊದಲ ಪುಡಿಯಲ್ಲಿ ಬಲ 15. ಮುಂದಿನ ಒಂದೊಂದು ಬ್ಲಾಕಿಗೂ ಒಂದೊಂದು ಕಡಿಮೆ. ಹದಿನೈದನೇ ಪುಡಿಯಲ್ಲಿ 1 ಉಳಿಯುತ್ತದೆ, ಹದಿನಾರನೆಯದರಲ್ಲಿ ಸೊನ್ನೆ. ನಿನ್ನ ಕ್ಯಾರಿ ಗುರಿ ಮುಟ್ಟಲು ಮೂರೇ ಬ್ಲಾಕ್ ಇರುವಾಗ ಬತ್ತಿಹೋಗಿದೆ. ಫೋನಲ್ಲಿ ಆಡುತ್ತಿದ್ದರೆ 1+1 ಕೊಟ್ಟು ಆ ಸಾಲಿನ ಬಣ್ಣ ನೋಡು. ಶುರುವಿನಲ್ಲಿ ಕೆಂಡದ ಹಾಗೆ ಕೆಂಪು, ಹೋಗ್ತಾ ಹೋಗ್ತಾ ಮಂಕು, ಕೊನೆಯ ಮೂರು ಪೂರ್ತಿ ಕಪ್ಪು ಕೆಂಪು. ಕಂಪ್ಯೂಟರಿನ ಜಾವಾ ಆವೃತ್ತಿ ಆದರೆ `F3` ಒತ್ತಿ ಪುಡಿಯ ಮೇಲೆ ಗುರಿ ಇಟ್ಟರೆ ಬಲಗಡೆ `power: 0` ಅಂತ ಅಂಕಿಯೇ ಕಾಣುತ್ತದೆ.

ಸಾಲಿನ ನಡುವೆ ಒಂದು ರಿಪೀಟರ್ ಇಡು. ಹತ್ತನೇ ಬ್ಲಾಕಿನ ಹತ್ತಿರ ಇಟ್ಟರೆ ಎರಡೂ ಕಡೆ ಸಲೀಸು. ಬಲ 1 ಬಂದರೂ ರಿಪೀಟರ್ ಅದನ್ನು ಮತ್ತೆ 15 ಮಾಡಿ ಮುಂದೆ ಕಳಿಸುತ್ತದೆ. ಅದಕ್ಕೆ ದಿಕ್ಕಿದೆ, ಉಲ್ಟಾ ಇಟ್ಟರೆ ಏನೂ ದಾಟುವುದಿಲ್ಲ. ಇಟ್ಟ ಮೇಲೆ ಪಕ್ಕದಲ್ಲಿ ಬೇರೆ ಪುಡಿ ಸಾಲು ಅಂಟಿಕೊಂಡು ಹೋಗುತ್ತಿದೆಯಾ ಅಂತಲೂ ನೋಡು. ಅಕ್ಕಪಕ್ಕದ ಎರಡು ಪುಡಿ ಸಾಲು ಕೇಳದೆಯೇ ಕೂಡಿಕೊಂಡುಬಿಡುತ್ತವೆ, ನಡುವೆ ಒಂದು ಬ್ಲಾಕ್ ಜಾಗ ಬಿಡಲೇಬೇಕು. ಸಾಲು ಮೆಟ್ಟಿಲು ಹತ್ತುವ ಕಡೆ ಕೆಳಗಿನ ಪುಡಿಯ ನೆತ್ತಿ ಮೇಲೆ ಕಲ್ಲಿನ ಬ್ಲಾಕ್ ಇಟ್ಟರೆ ಅಲ್ಲೂ ಕಡಿಯುತ್ತದೆ.

ಇನ್ನೊಂದು ಮಾತು, ನೀನು ಕೇಳಿಲ್ಲ, ಆದರೆ ಫೋಟೊದಲ್ಲಿ ಕಂಡಿತು. ಎಕ್ಸಾರ್‌ಗೆ ನೀನು ಟಾರ್ಚ್ ಬಳಸಿಲ್ಲ, ಎರಡು ಕಂಪೇರೇಟರ್ ಇಟ್ಟಿದ್ದೀಯ. ಒಳ್ಳೇದೇ, ಜಾಗ ಕಡಿಮೆ ಸಾಕು. ಕಳೆಯುವ ಸ್ಥಿತಿಯಲ್ಲಿ ಕಂಪೇರೇಟರ್ ತನ್ನ ಹಿಂದಿನಿಂದ ಬಂದ ಬಲದಲ್ಲಿ ಪಕ್ಕದಿಂದ ಬಂದ ಬಲವನ್ನು ಕಳೆದು ಉಳಿದದ್ದನ್ನು ಮುಂದೆ ಕಳಿಸುತ್ತದೆ. ಎರಡೂ ಆನ್ ಇದ್ದರೆ 15ರಲ್ಲಿ 15 ಕಳೆದು 0. ಆದರೆ ಒಂದು ಲಿವರ್ ಹತ್ತಿರ, ಇನ್ನೊಂದು ದೂರ ಇದ್ದು, ಒಂದರ ಬಲ 15, ಇನ್ನೊಂದರದು 12 ಆಗಿ ಬಂದರೆ? 3 ಉಳಿಯುತ್ತದೆ. ದೀಪಕ್ಕೆ 1 ಸಿಕ್ಕರೂ ಸಾಕು, ಹತ್ತಿಬಿಡುತ್ತದೆ. ಆಗ ಉತ್ತರದ ದೀಪವೂ ಹತ್ತುತ್ತದೆ, ಕ್ಯಾರಿಯೂ ಹೋಗುತ್ತದೆ, ನಿನ್ನ ಯಂತ್ರ 1+1 ಮೂರು ಅನ್ನುತ್ತದೆ. ಎರಡರ ಮನೆಯಲ್ಲಿ ಹೀಗಾದರೆ 2+2 ಆರು ಆಗುತ್ತದೆ. ಕಂಪೇರೇಟರ್‌ಗೆ ಬರುವ ಪ್ರತಿ ಸಾಲಿಗೂ ಹೊಸ್ತಿಲಲ್ಲೇ ಒಂದು ರಿಪೀಟರ್ ಇಟ್ಟರೆ ಈ ಪೀಕಲಾಟ ಇರಲ್ಲ.

ಎಲ್ಲ ಸರಿಮಾಡಿದ ಮೇಲೆ ಯಾವ ಲೆಕ್ಕ ಕೊಟ್ಟು ಪರೀಕ್ಷಿಸಬೇಕು? ಸಿಕ್ಕಸಿಕ್ಕ ಅಂಕಿ ಬೇಡ. 1+1, 2+2, 4+4, 8+8 ಕೊಡು. ಒಂದೊಂದೂ ಒಂದೊಂದು ಮನೆಯಲ್ಲಿ ಮಾತ್ರ ಕ್ಯಾರಿ ಹುಟ್ಟಿಸುತ್ತದೆ. ಯಾವುದು ತಪ್ಪಿತೋ ಆ ಮನೆಯಿಂದ ಮುಂದಿನ ಮನೆಗೆ ಹೋಗುವ ದಾರಿಯನ್ನೇ ಹುಡುಕಿದರಾಯಿತು. 8+8ಕ್ಕೆ ಐದನೇ ದೀಪ ಹತ್ತಬೇಕು, ಅದು ಹದಿನಾರರ ಮನೆ.

ಆಮೇಲೆ 15+1 ಕೊಡು. 15ರ ಲಿವರ್‌ಗಳನ್ನು ಮೊದಲೇ ಹಾಕಿಟ್ಟು ಕೊನೆಯಲ್ಲಿ ಆ ಒಂದನ್ನು ಎಳೆ. ದೀಪಗಳನ್ನೇ ನೋಡ್ತಾ ಇರು. ಮೊದಲು 14 ಆಗುತ್ತದೆ, ಕೂಡಲೇ 12, ಆಮೇಲೆ 8, ಕೊನೆಗೆ 16. ತಪ್ಪಾಗುತ್ತಿದೆ ಅಂತ ಗಾಬರಿ ಆಗಬೇಡ. ಒಂದರ ಮನೆಯಲ್ಲಿ ಹುಟ್ಟಿದ ಕ್ಯಾರಿ ಒಂದೊಂದೇ ಮನೆ ದಾಟಿ ಹೋಗುತ್ತಿದೆ, ಅಷ್ಟೇ. ಟಾರ್ಚ್ ಒಂದು ಸಲ ಬದಲಾಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ರಿಪೀಟರ್‌ಗೂ ಕನಿಷ್ಠ ಅಷ್ಟೇ. ಒಂದು ಮನೆ ದಾಟಲು ಎರಡೋ ಮೂರೋ ಇಂಥ ಹೆಜ್ಜೆ ಅಂತ ಹಿಡಿದರೂ ನಾಲ್ಕು ಮನೆಗೆ ಒಂದು ಸೆಕೆಂಡಿನ ಆಸುಪಾಸು. ಎಂಟು ಬಿಟ್ ಮಾಡಿದರೆ ಅದರ ಎರಡರಷ್ಟು. ನಮ್ಮ ಗಂಜ್‌ನ ತೊಗರಿ ವ್ಯಾಪಾರಿ ಕೈಯಲ್ಲಿರೋ ಕ್ಯಾಲ್ಕುಲೇಟರ್ ಒಳಗೂ ಕ್ಯಾರಿ ಹೀಗೆ ಮನೆ ದಾಟಲೇಬೇಕು, ಅಲ್ಲಿ ಅದು ಕಣ್ಣಿಗೆ ಕಾಣುವ ವೇಗದಲ್ಲಿ ಇರಲ್ಲ. ಆಟದಲ್ಲಿ ಮಾತ್ರ ಅದನ್ನು ನಿಂತು ನೋಡಬಹುದು.

ಮುಂದೆ ಉತ್ತರವನ್ನು ಅಂಕಿಯಾಗಿ ತೋರಿಸಬೇಕು ಅಂತ ನಿನಗೆ ಅನ್ನಿಸಿಯೇ ಅನ್ನಿಸುತ್ತದೆ. ಏಳು ಪಟ್ಟಿಯ ದೀಪ ಕಟ್ಟೋದು ಬರೀ ದುಡಿತ, ಬುದ್ಧಿ ಬೇಕಾಗೋದು ಅದಕ್ಕೂ ಮೊದಲು. 1100 ಅನ್ನೋದನ್ನು ಒಂದು ಮತ್ತು ಎರಡು ಅಂತ ಒಡೆಯೋದು ಹೇಗೆ? ಉಪಾಯ ಇದು. ಕೊಡುವ ಅಂಕಿಗಳು 9 ದಾಟದಿದ್ದರೆ, ಉತ್ತರ 9ಕ್ಕಿಂತ ಜಾಸ್ತಿ ಆದಾಗ ಅದಕ್ಕೆ ಇನ್ನೊಂದು 6 ಕೂಡಿಸು. ನಮ್ಮ ಮನೆ ಹತ್ತಕ್ಕೆ ತುಂಬಬೇಕು, ಇದು ಹದಿನಾರಕ್ಕೆ ತುಂಬುತ್ತದೆ, ನಡುವಿನ ಆರನ್ನು ನಾವೇ ಹಾಕಿ ತುಂಬಿಸಿಬಿಡುತ್ತೇವೆ. 12ಕ್ಕೆ 6 ಸೇರಿಸಿದರೆ 18, ಅಂದರೆ 1 0010. ಮುಂದಿನ ಆ ಒಂದು ಹತ್ತರ ಸ್ಥಾನದ್ದು, ಉಳಿದ 0010 ಬಿಡಿ ಸ್ಥಾನದ ಎರಡು. 9 ದಾಟಿತು ಅಂತ ಗುರುತಿಸೋದೂ ಕಷ್ಟ ಅಲ್ಲ. ಹದಿನಾರರ ದೀಪ ಹತ್ತಿದ್ದರೆ ದಾಟಿದೆ. ಇಲ್ಲವೇ ಎಂಟರ ದೀಪದ ಜೊತೆ ನಾಲ್ಕರದೋ ಎರಡರದೋ ಹತ್ತಿದ್ದರೂ ದಾಟಿದೆ. ಒಂದು ಆಂಡ್, ಎರಡು ಕಡೆ ಪುಡಿ ಸೇರಿಸೋದು, ಮುಗಿಯಿತು. ಆ ಗುರುತಿನ ತಂತಿಯನ್ನೇ ಎರಡನೇ ಆ್ಯಡರ್‌ನ ನಾಲ್ಕರ ಮನೆಗೂ ಎರಡರ ಮನೆಗೂ ಎಳೆದರೆ ಅದೇ ಆರು. ಹತ್ತರ ಸ್ಥಾನದ ಒಂದನ್ನು ಹತ್ತಿಸೋದೂ ಅದೇ ತಂತಿ. ಅದು ಮೂರು ಕಡೆ ಹೋಗಬೇಕಾದ್ದರಿಂದ ಉದ್ದ ಆಗುತ್ತದೆ. ಎಳೆಯುವಾಗಲೇ ಬ್ಲಾಕ್ ಎಣಿಸಿಕೊಂಡು ಹೋಗು, ಹದಿನೈದರ ಒಳಗೇ ಒಂದು ರಿಪೀಟರ್ ಇಡು.